ಥರ್ಟಿಯೋ ಥರ್ಟೀನೋ: ವಿದೇಶಿ ಬಯರ್ ಜೊತೆ ವಿಡಿಯೊ ಕಾಲ್‌ನಲ್ಲಿ ಅಂಕಿ ಕೆಡದಂತೆ ಮಾತಾಡುವುದು

ಪ್ರಶ್ನೆ: ಸರ್, ನಾನು ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಎಕ್ಸ್‌ಪೋರ್ಟ್ ಕೆಲಸ ನೋಡಿಕೊಳ್ಳುತ್ತೇನೆ. ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡ ಮೀಡಿಯಂ. ಇಮೇಲ್ ಬರೆಯೋಕೆ ತೊಂದರೆ ಇಲ್ಲ. ಜರ್ಮನಿಯ ಬಯರ್ ಜೊತೆ ವಿಡಿಯೊ ಕಾಲ್ ಅಂದ್ರೆ ಮಾತ್ರ ಕೈ ಬೆವರುತ್ತೆ. ಅವರಿಗೆ ನಾನು ಹೇಳಿದ್ದು ಗೊತ್ತಾಗಲ್ಲ. ಅವರು ಹೇಳಿದ್ದು ಗೊತ್ತಾಗದಿದ್ರೆ ನಾನು ಎಸ್ ಎಸ್ ಅಂದುಬಿಡ್ತೀನಿ. ಹೋದ ತಿಂಗಳು ನಾನು ರೇಟ್ ಥರ್ಟಿ ಅಂದೆ, ಅವರು ಥರ್ಟೀನ್ ಅಂತ ಬರೆದುಕೊಂಡಿದ್ದರು. ಆಕ್ಸೆಂಟ್ ಕ್ಲಾಸಿಗೆ ಸೇರಬೇಕಾ?

ಉತ್ತರ: ಸದ್ಯಕ್ಕೆ ಬೇಡ. ಆ ದುಡ್ಡು ಉಳಿಸಿ, ಒಂದು ಒಳ್ಳೆಯ ವೈರ್ ಇರುವ ಹೆಡ್‌ಸೆಟ್ ತಗೊಳ್ಳಿ. ಆಕ್ಸೆಂಟ್ ಕ್ಲಾಸುಗಳಲ್ಲಿ ಸಾಮಾನ್ಯವಾಗಿ ಅಮೆರಿಕದವರ ಹಾಗೆ ‘ಆರ್’ ಸುತ್ತುವುದು, ‘ವಿ’ ಮತ್ತು ‘ಡಬ್ಲ್ಯು’ ಬೇರೆ ಮಾಡುವುದು, ಇಂಥದ್ದನ್ನೇ ತಿಂಗಳುಗಟ್ಟಲೆ ಮಾಡಿಸುತ್ತಾರೆ. ನಿಮ್ಮ ಬಯರ್‌ಗೂ ಇಂಗ್ಲಿಷ್ ಮನೆಮಾತಲ್ಲ, ಅಲ್ವಾ? ಅವರೂ ಕಲಿತು ಮಾತಾಡುವವರೇ. ಕಲಿತವರು ಕಲಿತವರ ಜೊತೆ ಮಾತಾಡುವಾಗ ಮಾತು ಕೆಡುವುದು ಈ ಶೋಕಿ ಉಚ್ಚಾರಣೆಯಿಂದಲ್ಲ. ಎಲ್ಲೋ ನಾಲ್ಕೈದು ಕಡೆ ಕೆಡುತ್ತದೆ, ಆ ಜಾಗಗಳು ಗೊತ್ತಾದರೆ ಸಾಕು.

ಅದರಲ್ಲೂ ನಿಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಅಪಾಯದ ಜಾಗ ಅಂಕಿ. ‘ಶಿಪ್‌ಮೆಂಟ್’ ಅನ್ನುವುದನ್ನು ನೀವು ಹೇಗೆ ಹೇಳಿದರೂ ಹಿಂದೆ ಮುಂದೆ ಇರುವ ಮಾತಿನಿಂದ ಅವರು ಊಹಿಸಿಕೊಳ್ಳುತ್ತಾರೆ. ಥರ್ಟಿ ಅನ್ನುವುದನ್ನು ಊಹಿಸೋಕೆ ಆಗಲ್ಲ. ಥರ್ಟಿಯೂ ಸರಿಹೋಗುತ್ತದೆ, ಥರ್ಟೀನೂ ಸರಿಹೋಗುತ್ತದೆ. ಹಾಗಾಗಿ ಈ ಉತ್ತರದಲ್ಲಿ ಅಂಕಿ ಮಾತಾಡುವ ಆ ಹತ್ತು ನಿಮಿಷದ ಬಗ್ಗೆಯೇ ಜಾಸ್ತಿ ಹೇಳುತ್ತೇನೆ. ಅದು ಗಟ್ಟಿಯಾದರೆ ಉಳಿದ ಕಾಲ್ ತಾನಾಗಿ ಸಲೀಸಾಗುತ್ತದೆ.

ಮೊದಲು ನಿಮ್ಮ ಥರ್ಟಿಯನ್ನೇ ನೋಡೋಣ. ನ್ಯೂಯಾರ್ಕ್ ಮಾರುಕಟ್ಟೆಯ ದರದ ಮೇಲೆ ಪೌಂಡಿಗೆ 30 ಸೆಂಟ್ ಜಾಸ್ತಿ ಅಂತ ನೀವು ಹೇಳಿದ್ದೀರಿ, ಅವರು 13 ಅಂತ ಬರೆದುಕೊಂಡಿದ್ದಾರೆ ಅಂದುಕೊಳ್ಳಿ. ವ್ಯತ್ಯಾಸ 17 ಸೆಂಟ್. ಒಂದು ಕಂಟೇನರ್ ಅಂದರೆ 60 ಕೆಜಿಯ 320 ಚೀಲ, ಒಟ್ಟು 19,200 ಕೆಜಿ, ಸುಮಾರು 42,300 ಪೌಂಡ್. ಈ ಒಂದು ತಪ್ಪಿನ ಬೆಲೆ ಹತ್ತಿರ ಹತ್ತಿರ 7,200 ಡಾಲರ್!

ಇದಕ್ಕೆ ಸಾಮಾನ್ಯವಾಗಿ ಹೇಳಿಕೊಡುವ ಉಪಾಯ ಅಂದರೆ, ಥರ್ಟಿಯಲ್ಲಿ ‘ಥರ್’ ಮೇಲೆ ಒತ್ತು ಕೊಡಿ, ಥರ್ಟೀನ್‌ನಲ್ಲಿ ‘ಟೀನ್’ ಮೇಲೆ ಒತ್ತು ಕೊಡಿ ಅಂತ. ಪದ ಒಂಟಿಯಾಗಿದ್ದಾಗ ಅದು ಸರಿ. ಮುಂದೆ ಇನ್ನೊಂದು ಪದ ಬಂದ ಕೂಡಲೇ ಕೈಕೊಡುತ್ತದೆ. ‘ಥರ್ಟೀನ್ ಸೆಂಟ್ಸ್’, ‘ಫಿಫ್ಟೀನ್ ಬ್ಯಾಗ್ಸ್’ ಅನ್ನುವಾಗ ಇಂಗ್ಲಿಷ್ ಮನೆಮಾತಿನವರ ಬಾಯಲ್ಲೂ ಒತ್ತು ಮುಂದಕ್ಕೆ ಜಾರಿ ‘ಥರ್’, ‘ಫಿಫ್’ ಮೇಲೆ ಬಂದು ಕೂರುತ್ತದೆ. ಆಗ ಉಳಿಯುವ ಗುರುತು ಎರಡೇ: ಟೀನ್‌ನ ದೀರ್ಘ ಮತ್ತು ಕೊನೆಯ ‘ನ್’. ನೆಟ್ ಸ್ವಲ್ಪ ಹದಗೆಟ್ಟರೆ ಆ ‘ನ್’ ಮೊದಲು ಮಾಯವಾಗುತ್ತದೆ. ಒತ್ತನ್ನು ನಂಬಿ ವ್ಯಾಪಾರ ಮಾಡಬೇಡಿ.

ಅಂಕಿ ಹೇಳಿ, ನಿಲ್ಲಿಸಿ, ಬಿಡಿಸಿ ಹೇಳಿ. ‘ಪ್ಲಸ್ ಥರ್ಟಿ. ತ್ರೀ ಝೀರೋ.’ ಹದಿಮೂರಾದರೆ ‘ಥರ್ಟೀನ್. ಒನ್ ತ್ರೀ.’ ವಿಮಾನದ ಪೈಲಟ್‌ಗಳು ರೇಡಿಯೊದಲ್ಲಿ ಅಂಕಿಗಳನ್ನು ಒಂದೊಂದಾಗಿ ಬಿಡಿಸಿ ಹೇಳುವುದೂ ಇದೇ ಕಾರಣಕ್ಕೆ. ಮೊದಮೊದಲು ಚಿಕ್ಕ ಮಕ್ಕಳಿಗೆ ಹೇಳಿದ ಹಾಗೆ ಅನಿಸಬಹುದು. ಬಯರ್‌ಗೆ ಹಾಗೆ ಅನಿಸಲ್ಲ, ಅವರಿಗೆ ಅದು ನೆಮ್ಮದಿ. ಜರ್ಮನ್ ಭಾಷೆಯಲ್ಲಿ 45ಕ್ಕೆ ‘ಐದು ಮತ್ತು ನಲವತ್ತು’ ಅನ್ನುವ ಕ್ರಮ ಇದೆ. ಹಾಗಾಗಿ ಇಂಗ್ಲಿಷ್‌ನಲ್ಲಿ ಬೇಗ ಬೇಗ ಬರೆದುಕೊಳ್ಳುವಾಗ ಅವರ ಕೈಯಲ್ಲೂ 45 ಹೋಗಿ 54 ಆಗುವುದುಂಟು. ಬಿಡಿಸಿ ಹೇಳಿದರೆ ಆ ತಪ್ಪೂ ತಪ್ಪುತ್ತದೆ.

ಇನ್ನೊಂದು ನಮ್ಮ ಕಡೆಯವರಿಗೆ ಗೊತ್ತೇ ಆಗದ ವಿಷಯ. ನಾವು ಇಂಗ್ಲಿಷ್ ಪದವನ್ನು ಮಾತಿನಲ್ಲಿ ಸೇರಿಸುವಾಗ ಕೊನೆಗೆ ಒಂದು ‘ಉ’ ಹಚ್ಚುತ್ತೇವೆ. ಬ್ಯಾಗು, ರೇಟು, ಲಾಟು. ಕನ್ನಡದಲ್ಲಿ ಅದು ಚಂದವೇ. ಇಂಗ್ಲಿಷ್ ಮಾತಾಡುವಾಗಲೂ ಆ ‘ಉ’ ಸಣ್ಣಗೆ ಉಳಿದುಕೊಂಡಿರುತ್ತದೆ. ‘ಲಾಟು ಫೈವ್’ ಅಂದರೆ ಆ ಕಡೆಯವರಿಗೆ ‘ಲಾಟ್ ಟೂ ಫೈವ್’ ಅಂತ ಕೇಳಿಸಬಹುದು. ಐದನೇ ಲಾಟ್ ಹೋಗಿ ಇಪ್ಪತ್ತೈದನೇ ಲಾಟ್ ಆಯಿತು. ಇದಕ್ಕೆ ಮದ್ದು ಸುಲಭ. ‘ಲಾಟ್’ ಅಂದು ನಾಲಿಗೆಯನ್ನು ಅಲ್ಲೇ ತಡೆದು ಹಿಡಿಯಿರಿ. ಒಂದು ಚಿಟಿಕೆ ಹೊಡೆಯುವಷ್ಟು ಹೊತ್ತು ಬಿಟ್ಟು ‘ನಂಬರ್ ಫೈವ್’ ಅನ್ನಿ. ‘ನಂಬರ್’ ಅನ್ನುವ ಪದ ನಡುವೆ ಬಂದರೆ ಆ ‘ಟು’ ಅಂಟಿಕೊಳ್ಳೋಕೆ ಜಾಗವೇ ಇರಲ್ಲ.

ಪ, ಟ, ಕ ಅಕ್ಷರಗಳದ್ದು ಮತ್ತೊಂದು ಕಥೆ. ಇಂಗ್ಲಿಷ್‌ನಲ್ಲೂ ಜರ್ಮನ್‌ನಲ್ಲೂ ಪದದ ಶುರುವಿನಲ್ಲಿ ಇವು ಬಂದರೆ ಜೊತೆಗೆ ಒಂದು ಉಸಿರು ಹೊರಗೆ ಬರುತ್ತದೆ. ನಾವು ಉಸಿರಿಲ್ಲದೆ ಹೇಳುತ್ತೇವೆ. ಉಸಿರಿಲ್ಲದ ‘ಪ’ ಅವರ ಕಿವಿಗೆ ‘ಬ’ದ ಹತ್ತಿರ ಬೀಳುತ್ತದೆ, ‘ಟ’ ಹೋಗಿ ‘ಡ’ ಆಗುತ್ತದೆ. ಪ್ಯಾಕ್ ಅಂದದ್ದು ಬ್ಯಾಕ್ ಆಯಿತು, ಟೆನ್ ಅಂದದ್ದು ಡೆನ್ ಆಯಿತು. ಒಂದು ತೆಳು ಕಾಗದದ ಚೂರನ್ನು ಬಾಯಿಂದ ನಾಲ್ಕು ಬೆರಳು ದೂರ ಇಳಿಬಿಟ್ಟು ‘ಪೌಂಡ್’ ಅನ್ನಿ. ಕಾಗದ ಅಲುಗಬೇಕು. ಅಲುಗದಿದ್ದರೆ ನಿಮ್ಮ ‘ಪ’ ಇನ್ನೂ ಕನ್ನಡದ ‘ಪ’. ನಮ್ಮ ಶಾಲೆಯಲ್ಲಿ ಕಲಿತ ಮಹಾಪ್ರಾಣ ಇಲ್ಲಿ ಕೆಲಸಕ್ಕೆ ಬರುತ್ತದೆ: ‘ಫಲ’ವನ್ನು ತುಟಿ ಮುಚ್ಚಿ ತೆರೆದು ಸರಿಯಾಗಿ ಹೇಳಿದರೆ ಬರುವ ಶಬ್ದ. ‘ಫೋನ್’ನಲ್ಲಿ ಹಲ್ಲು ತುಟಿಗೆ ತಾಗುವ ಶಬ್ದ ಅಲ್ಲ. ಆದರೆ ‘ಸ’ ಮುಂದಿದ್ದರೆ ಉಸಿರು ಬೇಡ. ಸ್ಟಾರ್ಟ್, ಸ್ಪಾಟ್, ಸ್ಕ್ರೀನ್‌ಗಳಲ್ಲಿ ಅವರೂ ನಮ್ಮ ಹಾಗೆಯೇ ಹೇಳುತ್ತಾರೆ.

ಹಾಸನದ ಸುತ್ತಮುತ್ತ ಹಳ್ಳಿ ಕಡೆಯಿಂದ ಬಂದವರಾದರೆ ‘ಹ’ ಕಡೆಗೂ ಒಂದು ಕಣ್ಣಿಡಿ. ಆಲು, ಅಸು ಅಂತ ರೂಢಿಯಾದ ಬಾಯಿಗೆ ‘ಹಂಡ್ರೆಡ್’, ‘ಹಾರ್ವೆಸ್ಟ್’ ಕೂಡ ಉಸಿರಿಲ್ಲದೆ ಬರುತ್ತವೆ. ಹಾಗೆಯೇ ಎ, ಎಂ, ಎನ್ ಅಂತ ಅಕ್ಷರ ಹೇಳುವಾಗ ನಾವು ಮುಂದೆ ಒಂದು ‘ಯ’ ಸೇರಿಸಿ ಯಮ್, ಯನ್ ಅನ್ನುತ್ತೇವೆ. ಎಂ ಮತ್ತು ಎನ್ ಅಂತೂ ಯಾರು ಹೇಳಿದರೂ ಫೋನಿನಲ್ಲಿ ಒಂದೇ ಥರ ಕೇಳಿಸುತ್ತವೆ. ಲಾಟ್ ಕೋಡ್ ಹೇಳುವಾಗ ಅವರಿಗೆ ಗೊತ್ತಿರುವ ಊರಿನ ಅಥವಾ ದೇಶದ ಹೆಸರು ಹಿಡಿಯಿರಿ. ‘ಎಂ ಫಾರ್ ಮ್ಯೂನಿಕ್’, ‘ಎನ್ ಫಾರ್ ನಾರ್ವೆ’. ‘ಎಂ ಫಾರ್ ಮೂಡಿಗೆರೆ’ ಅಂದರೆ ಅವರು ಮತ್ತೆ ಒಂದು ಪ್ರಶ್ನೆ ಕೇಳಬೇಕಾಗುತ್ತದೆ.

ಈಗ ವಾಕ್ಯಕ್ಕೆ ಬರೋಣ. ಕನ್ನಡದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾದರೆ ಕೊನೆಗೆ ಒಂದು ‘ಏ’ ಹಾಕಿದರೆ ಮುಗಿಯಿತು. ಮಾರ್ಚ್‌ನಲ್ಲೇ ಕಳಿಸುತ್ತೇವೆ, ಮುನ್ನೂರಿಪ್ಪತ್ತೇ ಚೀಲ. ದನಿ ಏರಿಸಬೇಕಾಗಿಲ್ಲ. ಇಂಗ್ಲಿಷ್‌ನಲ್ಲಿ ಆ ‘ಏ’ ಮಾಡುವ ಕೆಲಸವನ್ನು ಬಹುಪಾಲು ದನಿಯೇ ಮಾಡುತ್ತದೆ. ನಾವು ದನಿಯನ್ನು ಸಮನಾಗಿ ಇಟ್ಟು, ವಾಕ್ಯವನ್ನು ಒಂದೇ ಉಸಿರಿನಲ್ಲಿ ಓಡಿಸುತ್ತೇವೆ. ಕೇಳುವವರಿಗೆ ಇದರಲ್ಲಿ ಮುಖ್ಯವಾದದ್ದು ಯಾವುದು ಅಂತ ಗೊತ್ತಾಗಲ್ಲ. ನಾನು ಕಲಿಸುವಾಗ ಇದೊಂದನ್ನು ಬಿಡದೆ ಹೇಳುತ್ತೇನೆ: ಇದೇ ಮಾತನ್ನು ಕನ್ನಡದಲ್ಲಿ ಹೇಳಿದ್ದರೆ ‘ಏ’ ಯಾವ ಪದಕ್ಕೆ ಹಾಕುತ್ತಿದ್ದಿರಿ ಅಂತ ನೋಡಿ. ಇಂಗ್ಲಿಷ್‌ನಲ್ಲಿ ಆ ಪದವನ್ನು ಸ್ವಲ್ಪ ಎತ್ತಿ, ಸ್ವಲ್ಪ ಎಳೆದು ಹೇಳಿ, ಆಮೇಲೆ ನಿಲ್ಲಿಸಿ. ‘ವಿ ಕ್ಯಾನ್ ಶಿಪ್ ಇನ್ ಮಾರ್ಚ್.’ ಮಾರ್ಚ್ ಮೇಲೆ ಭಾರ, ಆಮೇಲೆ ಮೌನ. ಚೀಲದ ಲೆಕ್ಕ ಮುಂದಿನ ವಾಕ್ಯಕ್ಕೆ. ಒಂದು ವಾಕ್ಯಕ್ಕೆ ಒಂದೇ ಅಂಕಿ ಅಥವಾ ಒಂದೇ ತಾರೀಕು ಇಟ್ಟುಕೊಂಡರೆ ನಿಮ್ಮ ಮಾತಿನ ವೇಗ ತಾನಾಗಿ ಸರಿಹೋಗುತ್ತದೆ. ‘ನಿಧಾನ ಮಾತಾಡಿ’ ಅಂತ ಬರೀ ಬಾಯಲ್ಲಿ ಹೇಳಿದರೆ ಯಾರಿಗೂ ಆಗಲ್ಲ.

ಇನ್ನು ನಿಮ್ಮ ‘ಎಸ್ ಎಸ್’. ಸಂಕೋಚದಿಂದ ಬರುವ ಮಾತು ಅದು. ಮತ್ತೆ ಮತ್ತೆ ‘ಸಾರಿ?’ ಅಂದರೆ ನನಗೆ ಇಂಗ್ಲಿಷ್ ಬರಲ್ಲ ಅಂದುಕೊಳ್ಳುತ್ತಾರೆ ಅನ್ನುವ ಭಯ. ‘ಸಾರಿ?’ ಒಳ್ಳೆಯ ಪ್ರಶ್ನೆ ಅಲ್ಲ ಅನ್ನುವುದೂ ನಿಜ. ಏನು ಕೇಳಿಸಲಿಲ್ಲ ಅಂತ ಅವರಿಗೆ ಗೊತ್ತಾಗಲ್ಲ. ಪೂರ್ತಿ ಮಾತನ್ನು ಇನ್ನೊಂದು ಸಲ, ಇನ್ನೂ ಜೋರಾಗಿ ಹೇಳುತ್ತಾರೆ. ಅದರ ಬದಲು ಗೊತ್ತಾದಷ್ಟನ್ನು ನೀವು ಹೇಳಿ, ತಪ್ಪಿಹೋದ ಜಾಗದಲ್ಲಿ ಪ್ರಶ್ನೆ ಇಡಿ. ‘ಯು ಸೆಡ್ ಮೇ ನ್ಯೂಯಾರ್ಕ್, ಪ್ಲಸ್ ಹೌ ಮಚ್?’ ಹೀಗೆ ಕೇಳಿದರೆ ಅವರು ಒಂದೇ ಪದ ಹೇಳಿದರೆ ಸಾಕು. ಇದನ್ನು ಕೇಳಿದ ಬಯರ್ ‘ಈ ಹುಡುಗಿಗೆ ಇಂಗ್ಲಿಷ್ ಬರಲ್ಲ’ ಅಂದುಕೊಳ್ಳಲ್ಲ, ‘ಲೆಕ್ಕದಲ್ಲಿ ಗಟ್ಟಿ’ ಅಂದುಕೊಳ್ಳುತ್ತಾರೆ.

ಒಂದು ಎಚ್ಚರಿಕೆ. ಖಾತ್ರಿ ಮಾಡಿಕೊಳ್ಳೋಕೆ ‘ಈಸ್ ಇಟ್ ಥರ್ಟಿ?’ ಅಂತ ಕೇಳಬೇಡಿ. ನೀವು ಥರ್ಟಿ ಅಂದಿರಿ, ಅವರಿಗೆ ಥರ್ಟೀನ್ ಅಂತ ಕೇಳಿಸಿತು, ಎಸ್ ಅಂದರು. ಇಬ್ಬರೂ ಖುಷಿಯಾಗಿ ಬೇರೆ ಬೇರೆ ಅಂಕಿ ಬರೆದುಕೊಂಡಿರಿ. ಎಸ್ ಅಥವಾ ನೋ ಅನ್ನುವ ಉತ್ತರ ಬರುವ ಪ್ರಶ್ನೆಯಿಂದ ಅಂಕಿ ಖಾತ್ರಿಯಾಗುವುದಿಲ್ಲ. ಅಂಕಿ ಅವರ ಬಾಯಿಂದಲೇ ಬರಬೇಕು.

ಒಂದು ಕಾಲ್ ಪೂರ್ತಿ ಹೇಗೆ ನಡೆಯಬಹುದು ಅಂತ ಹೇಳುತ್ತೇನೆ. ಹ್ಯಾಂಬರ್ಗ್‌ನ ಬಯರ್ ಒಬ್ಬರಿಗೆ ನೀವು ಪ್ಲಾಂಟೇಷನ್ ಎ ದರ್ಜೆಯ ಕಾಫಿ ಮಾರುತ್ತಿದ್ದೀರಿ ಅಂದುಕೊಳ್ಳಿ. ಸ್ಯಾಂಪಲ್ ರುಚಿ ನೋಡಿ ಆಗಿದೆ, ಇನ್ನು ರೇಟ್, ಚೀಲ, ತಿಂಗಳು ಮೂರು ಮಾತ್ರ ಬಾಕಿ. ಕಾಲ್ ಶುರುವಿನಲ್ಲೇ ಹೇಳಿಬಿಡಿ: ‘ಟುಡೇ ವಿ ಹ್ಯಾವ್ ತ್ರೀ ಪಾಯಿಂಟ್ಸ್. ಕ್ವಾಂಟಿಟಿ, ಪ್ರೈಸ್, ಶಿಪ್‌ಮೆಂಟ್.’ ಮುಂದೆ ಯಾವ ಅಂಕಿ ಯಾವುದಕ್ಕೆ ಸೇರಿದ್ದು ಅಂತ ಇಬ್ಬರಿಗೂ ಗೊತ್ತಿರುತ್ತದೆ. ಮೊದಲು ಚೀಲ. ‘ತ್ರೀ ಹಂಡ್ರೆಡ್ ಟ್ವೆಂಟಿ ಬ್ಯಾಗ್ಸ್. ತ್ರೀ ಟೂ ಝೀರೋ. ಒನ್ ಕಂಟೇನರ್.’ ಕಂಟೇನರ್ ಅಂದದ್ದು ಸುಮ್ನೆ ಅಲ್ಲ. 320 ಸರಿಯಾಗಿ ಕೇಳಿಸದಿದ್ದರೂ ಒಂದು ಕಂಟೇನರ್‌ಗೆ ಎಷ್ಟು ಚೀಲ ಅಂತ ಅವರಿಗೆ ಗೊತ್ತು. ಒಂದೇ ವಿಷಯವನ್ನು ಎರಡು ದಾರಿಯಲ್ಲಿ ಹೇಳಿದ ಹಾಗಾಯಿತು.

ಆಮೇಲೆ ರೇಟ್. ಅವರು ಏನೋ ಹೇಳುತ್ತಾರೆ, ನಿಮಗೆ ‘ಮಾರ್ಚ್’ ಅನ್ನುವುದು ಮಾತ್ರ ಕೇಳಿಸುತ್ತದೆ. ಇಲ್ಲಿ ನಿಲ್ಲಿಸಲೇಬೇಕು. ಕಾಫಿ ವ್ಯಾಪಾರದಲ್ಲಿ ಮಾರ್ಚ್ ಅಂದರೆ ಎರಡು ಅರ್ಥ ಅಂತ ನಿಮಗೇ ಗೊತ್ತು. ಮಾಲು ಹಡಗು ಹತ್ತುವ ಮಾರ್ಚ್ ಒಂದು, ನ್ಯೂಯಾರ್ಕ್ ಫ್ಯೂಚರ್ಸ್‌ನಲ್ಲಿ, ಅಂದರೆ ಮುಂದಿನ ತಿಂಗಳುಗಳ ಕಾಫಿಗೆ ಈಗಲೇ ದರ ಕಟ್ಟುವ ಮಾರುಕಟ್ಟೆಯಲ್ಲಿ, ಮಾರ್ಚ್ ಇನ್ನೊಂದು. ಮಾರ್ಚ್‌ನಲ್ಲಿ ಕಳಿಸುವ ಮಾಲಿಗೆ ಸಾಮಾನ್ಯವಾಗಿ ಮೇ ಫ್ಯೂಚರ್ಸ್ ಮೇಲೆ ರೇಟ್ ಕಟ್ಟುತ್ತಾರೆ. ಹಾಗಾಗಿ ‘ಮಾರ್ಚ್ ಶಿಪ್‌ಮೆಂಟ್, ಓಕೆ. ಪ್ರೈಸ್ ಅಗೇನ್ಸ್ಟ್ ವಿಚ್ ಮಂತ್?’ ಅಂತ ಕೇಳಿ. ‘ಮೇ’ ಅನ್ನುತ್ತಾರೆ. ‘ಮೇ. ಪ್ಲಸ್ ಹೌ ಮಚ್?’ ‘ಥರ್ಟಿ’ ಅಂದರೋ ‘ಥರ್ಟೀನ್’ ಅಂದರೋ ಗೊತ್ತಾಗಲಿಲ್ಲ. ‘ಡಿಜಿಟ್ ಬೈ ಡಿಜಿಟ್, ಪ್ಲೀಸ್.’ ‘ತ್ರೀ, ಝೀರೋ.’ ಈಗ ಅಂಕಿ ಅವರ ಬಾಯಿಂದ ಬಂದಿದೆ. ಕೂಡಲೇ ಕಾಲ್‌ನ ಚಾಟ್‌ನಲ್ಲಿ ಟೈಪ್ ಮಾಡಿ:

```
Plantation A, lot no. 5
320 bags x 60 kg = 19200 kg
May NY +30 c/lb
Shipment: 1-31 March
```

‘ಪ್ಲೀಸ್ ಚೆಕ್ ದ ಚಾಟ್’ ಅನ್ನಿ, ಅವರು ಓದಿ ಮುಗಿಸುವವರೆಗೆ ಬಾಯಿ ಮುಚ್ಚಿಕೊಂಡಿರಿ. ಈ ಮೌನ ಕಷ್ಟ, ಆದರೂ ತುಂಬಬೇಡಿ. 19200 ಅನ್ನುವಲ್ಲಿ ನಾನು ಕಾಮಾ ಹಾಕಿಲ್ಲ, ಗಮನಿಸಿ. ಜರ್ಮನಿಯಲ್ಲಿ ಕಾಮಾ ನಮ್ಮ ದಶಮಾಂಶದ ಚುಕ್ಕಿಯ ಕೆಲಸ ಮಾಡುತ್ತದೆ, ಸಾವಿರಕ್ಕೆ ಅವರು ಚುಕ್ಕಿ ಇಡುತ್ತಾರೆ. 19,200 ಅಂತ ಬರೆದರೆ ಹತ್ತೊಂಬತ್ತು ಚಿಲ್ಲರೆ ಅಂತ ಓದಿಕೊಳ್ಳುವ ಸಾಧ್ಯತೆ ಇದೆ. ತಿಂಗಳನ್ನೂ ಅಂಕಿಯಲ್ಲಿ ಬರೆಯದೆ ಹೆಸರಿನಲ್ಲೇ ಬರೆಯಿರಿ. ಲಕ್ಷ ಅನ್ನುವುದನ್ನು ಬಾಯಿಗೆ ತರಲೇಬೇಡಿ, ‘ಹಂಡ್ರೆಡ್ ಥೌಸಂಡ್’ ಅನ್ನಿ.

ಸಮಯ ಹೇಳುವಾಗಲೂ ಇಂಥದ್ದೇ ಒಂದು ಗುಂಡಿ ಇದೆ. ಜರ್ಮನ್‌ನಲ್ಲಿ ‘ಅರ್ಧ ಮೂರು’ ಅಂದರೆ ಎರಡೂವರೆ. ಇಂಗ್ಲೆಂಡಿನವರು ‘ಹಾಫ್ ತ್ರೀ’ ಅಂದರೆ ಮೂರೂವರೆ. ‘ಹಾಫ್’ ಅನ್ನುವುದನ್ನೇ ಬಿಟ್ಟು ‘ಫಿಫ್ಟೀನ್ ಥರ್ಟಿ, ಇಂಡಿಯಾ ಟೈಮ್’ ಅಂತ ಹೇಳಿ, ಚಾಟ್‌ನಲ್ಲಿ 15:30 ಬರೆಯಿರಿ. ಚಳಿಗಾಲದಲ್ಲಿ ನಾವು ಜರ್ಮನಿಗಿಂತ ನಾಲ್ಕೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ಮೂರೂವರೆ. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಅವರ ಗಡಿಯಾರ ಬದಲಾಗುತ್ತದೆ. ಮಾರ್ಚ್‌ನ ಬದಲಾವಣೆ ನಿಮ್ಮ ಶಿಪ್‌ಮೆಂಟ್ ಬಿಸಿ ಇರುವ ಹೊತ್ತಿಗೇ ಬರುತ್ತದೆ.

ಲೈನ್‌ನ ಬಗ್ಗೆ ಒಂದು ಮಾತು. ನಿಮ್ಮ ದನಿ ಅಲ್ಲಿಗೆ ಮುಟ್ಟುವುದು ಸ್ವಲ್ಪ ತಡವಾಗಿ. ಒಂದು ದಿಕ್ಕಿಗೆ 150 ಮಿಲಿಸೆಕೆಂಡ್ ಒಳಗಿದ್ದರೆ ಹೆಚ್ಚಿನವರಿಗೆ ಗೊತ್ತಾಗಲ್ಲ ಅಂತ ದೂರಸಂಪರ್ಕದ ಅಂತಾರಾಷ್ಟ್ರೀಯ ಶಿಫಾರಸು ಇದೆ. ಅದಕ್ಕಿಂತ ಜಾಸ್ತಿಯಾದರೆ ಇಬ್ಬರೂ ಒಟ್ಟಿಗೆ ಮಾತು ಶುರುಮಾಡುತ್ತಾರೆ, ಒಟ್ಟಿಗೆ ನಿಲ್ಲಿಸುತ್ತಾರೆ. ಇಂಥ ಲೈನ್‌ನಲ್ಲಿ ನಾವು ರೂಢಿಯಂತೆ ಹಾ, ಹೂಂ, ಓಕೆ ಅನ್ನುತ್ತಾ ಹೋದರೆ ನಮ್ಮ ಹೂಂಗುಟ್ಟುವಿಕೆ ತಡವಾಗಿ ಹೋಗಿ ಅವರ ಮುಂದಿನ ಪದದ ಮೇಲೆ ಬೀಳುತ್ತದೆ. ಎಷ್ಟೋ ಸಲ ಆ್ಯಪ್ ಅವರ ದನಿಯನ್ನು ತಗ್ಗಿಸಿ ನಿಮ್ಮ ‘ಹಾ’ವನ್ನು ಮೇಲೆ ತರುತ್ತದೆ. ಆಗ ಸರಿಯಾಗಿ ಆ ಅಂಕಿಯೇ ನಿಮ್ಮ ಕಿವಿಗೆ ಬೀಳದೆ ಹೋಗುತ್ತದೆ. ಬಾಯಿಯ ಬದಲು ತಲೆ ಆಡಿಸಿ. ಮೇಲಿಂದ ಕೆಳಕ್ಕೆ ಮಾತ್ರ. ನಮ್ಮ ಅಡ್ಡ ತಲೆಯಾಟ ನಮಗೆ ಸರಿ ಅನ್ನುವ ಗುರುತು, ಅವರಿಗೆ ‘ಇಲ್ಲ’ ಅಥವಾ ‘ನೋಡೋಣ’ ಅನ್ನುವ ಹಾಗೆ ಕಾಣುತ್ತದೆ.

ಹೆಡ್‌ಸೆಟ್ ಬಗ್ಗೆ ಮೊದಲೇ ಹೇಳಿದೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಹಲ್ಲರ್, ಗ್ರೇಡರ್ ಓಡುತ್ತಿದ್ದರೆ ಆ್ಯಪ್ ಆ ಗದ್ದಲವನ್ನು ಒರೆಸೋಕೆ ಹೋಗಿ ನಿಮ್ಮ ಸ, ಫ, ಟಗಳನ್ನೂ ಒರೆಸುತ್ತದೆ. ಮೈಕ್ ಬಾಯಿಯ ಮೂಲೆಯಿಂದ ಎರಡು ಬೆರಳು ದೂರ ಇರಲಿ. ಬಾಯಿಯ ನೇರಕ್ಕೆ ಬೇಡ, ಆಗ ತಾನೇ ಕಲಿತ ‘ಪ’ದ ಉಸಿರು ಬಡಿದು ಢಬ್ ಅನ್ನುತ್ತದೆ.

ಅಭ್ಯಾಸ ಹೇಗೆ ಅಂದರೆ, ಬಯರ್ ಒಪ್ಪಿಗೆ ಕೇಳಿ ಒಂದು ಕಾಲ್ ರೆಕಾರ್ಡ್ ಮಾಡಿಕೊಳ್ಳಿ. ಪೂರ್ತಿ ಕೇಳಬೇಡಿ, ಬೇಜಾರಾಗುತ್ತದೆ. ಅವರು ‘ಸಾರಿ?’ ಅಥವಾ ‘ಪಾರ್ಡನ್?’ ಅಂದ ಜಾಗಗಳಿಗೆ ಮಾತ್ರ ಹೋಗಿ, ಅದರ ಹಿಂದಿನ ನಿಮ್ಮ ವಾಕ್ಯ ಕೇಳಿ. ಅಂಕಿಯಾ, ಉಸಿರಿಲ್ಲದ ‘ಪ’ವಾ, ಕೊನೆಯ ‘ಉ’ವಾ, ಒಂದೇ ಉಸಿರಿನ ಉದ್ದ ವಾಕ್ಯವಾ ಅಂತ ಪಕ್ಕದಲ್ಲಿ ಬರೆಯಿರಿ. ನನ್ನ ಅನುಭವದಲ್ಲಿ ಒಬ್ಬೊಬ್ಬರದ್ದು ಒಂದೆರಡು ಜಾಗದಲ್ಲೇ ಗುಂಪುಗೂಡಿರುತ್ತದೆ. ಮುಂದಿನ ಕಾಲ್‌ಗೆ ಅದೊಂದನ್ನೇ ಹಿಡಿದುಕೊಂಡು ಹೋಗಿ. ಎಲ್ಲವನ್ನೂ ಒಟ್ಟಿಗೆ ಸರಿ ಮಾಡೋಕೆ ಹೋದರೆ ರೇಟ್ ಮೇಲಿನ ಗಮನ ತಪ್ಪುತ್ತದೆ.

ಇದು ಇಬ್ಬರೇ ಮಾತಾಡುವ ಕಾಲ್‌ಗೆ ಸರಿ. ಆ ಕಡೆ ಲಂಡನ್ನಿನವರೋ ಆಸ್ಟ್ರೇಲಿಯಾದವರೋ ನಾಲ್ಕು ಜನ ಕೂತು, ತಮ್ಮ ತಮ್ಮಲ್ಲೇ ಹರಟುತ್ತಾ ಮಾತಾಡಿದರೆ ಇದರಿಂದ ಅರ್ಧ ಮಾತ್ರ ಕೆಲಸವಾಗುತ್ತದೆ. ಅಂಥ ಕಾಲ್‌ಗೆ ಮುಂಚೆಯೇ ವಿಷಯಗಳ ಪಟ್ಟಿ ತರಿಸಿಕೊಳ್ಳಿ, ರೇಟ್ ಮಾತನ್ನು ಒಬ್ಬರ ಜೊತೆ ಬೇರೆ ಕಾಲ್‌ನಲ್ಲಿ ಇಟ್ಟುಕೊಳ್ಳಿ.

ಕಾಲ್ ಮುಗಿದ ಮೇಲೆ ಚಾಟ್‌ನಲ್ಲಿ ಬರೆದ ಆ ನಾಲ್ಕು ಸಾಲನ್ನೇ ಇಮೇಲ್‌ಗೆ ಹಾಕಿ, ‘ಪ್ಲೀಸ್ ಕನ್‌ಫರ್ಮ್’ ಅಂತ ಸೇರಿಸಿ ಅವತ್ತೇ ಕಳಿಸಿ. ಅವರ ಉತ್ತರ ಬರುವವರೆಗೆ ಆ ಲಾಟ್ ಮಾರಾಟವಾಯಿತು ಅಂತ ಗೋಡೌನ್‌ನವರಿಗೆ ಹೇಳಬೇಡಿ.